ಗೆಳತಿ ತನ್ನ ಅಮ್ಮನ ಬಗ್ಗೆ ಬರೆದದ್ದನ್ನು ಓದಿದೆ. ಮನಸ್ಸು ಮುರಿಯದ ಹಾಗೆ ಏನು ಹೇಳಲಿ?

ಕಿಟಕಿಪಕ್ಕ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ನನ್ನ ಹತ್ತಿರದ ಗೆಳತಿ ಮೊದಲ ಸಲ ತನ್ನದೇ ಬದುಕಿನ ಬಗ್ಗೆ ಬರೆದಿದ್ದಾಳೆ. ಐದು ಪುಟ, ಸುಮಾರು 1900 ಪದ. ನಾಲ್ಕು ದಿನದ ಹಿಂದೆ ಕಳಿಸಿ, "ಓದಿ ಹೇಗಿದೆ ಹೇಳೇ, ಮುಲಾಜು ನೋಡಬೇಡ" ಅಂದಳು. ಅವತ್ತು ರಾತ್ರಿಯೇ ಓದಿದೆ. "ಚೆನ್ನಾಗಿದೆ, ಕೂತು ಮಾತಾಡೋಣ" ಅಂತ ಬರೆದು ಸುಮ್ಮನಾದೆ. ಆಮೇಲೆ ಅವಳು ಕೇಳಿಲ್ಲ. ಆದರೆ ಕಾಯ್ತಿದ್ದಾಳೆ ಅಂತ ನನಗೆ ಗೊತ್ತು.

ಬರಹ ಅವಳ ಅಮ್ಮನ ಬಗ್ಗೆ. ಅಮ್ಮನಿಗೆ ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತಾ ಬಂದಿದೆ. ಮೊದಲ ಒಂದೂವರೆ ಪುಟದಲ್ಲಿ ತಾಯಿ ಅಂದರೆ ಏನು, ಮೌನ ಅಂದರೆ ಏನು ಅಂತ ಬರೆದಿದ್ದಾಳೆ. ಆಮೇಲೆ ಎರಡು ಪುಟ ವರ್ಷವಾರು ವಿವರ. ಯಾವಾಗ ಗೊತ್ತಾಯಿತು, ಎಷ್ಟು ಸಲ ಪರೀಕ್ಷೆ ಆಯಿತು, ಕಿವಿ ಮಷೀನ್ ಯಾವಾಗ ಬಂತು, ಎಲ್ಲ. ನಾಲ್ಕನೇ ಪುಟದ ನಡುವೆ ಒಂದು ಸಾಲು ಬರುತ್ತದೆ: "ನಾನು ಮಾತು ಶುರು ಮಾಡಿದರೆ ಅಮ್ಮ ಮಷೀನ್ ಆಫ್ ಮಾಡುತ್ತಿದ್ದಳು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ." ಅಷ್ಟೇ. ಮುಂದಿನ ಸಾಲಿಗೆ ಬೇರೆ ವಿಷಯಕ್ಕೆ ಹೋಗಿಬಿಡುತ್ತಾಳೆ. ಕೊನೆಯ ಸಾಲು "ಕಿವಿ ಕೇಳಿಸುವ ನಾವೇ ನಿಜವಾದ ಕಿವುಡರು" ಅಂತ ಇದೆ.

ನಿಜ ಹೇಳಬೇಕು ಅಂದರೆ ಮೊದಲ ಮೂರು ಪುಟ ನನ್ನನ್ನು ಹಿಡಿಯಲಿಲ್ಲ. ಆ ಒಂದು ಸಾಲು ಮಾತ್ರ ನಾಲ್ಕು ದಿನದಿಂದ ತಲೆಯಲ್ಲಿ ಕೂತಿದೆ.

ಹಿಂದೊಮ್ಮೆ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಬರೆದದ್ದನ್ನು ಕೊಟ್ಟಿದ್ದರು. ಕೆಂಪು ಪೆನ್ನಿನಲ್ಲಿ ಪುಟದ ತುಂಬಾ ಗುರುತು ಹಾಕಿ ವಾಪಸ್ ಕೊಟ್ಟೆ. ನಾನು ಹಾಕಿದ ಒಂದು ಗುರುತೂ ತಪ್ಪಾಗಿರಲಿಲ್ಲ. ಅವರು ಥ್ಯಾಂಕ್ಸ್ ಅಂದರು. ಮತ್ತೆ ಯಾವತ್ತೂ ಏನನ್ನೂ ತೋರಿಸಲಿಲ್ಲ. ಬರೆಯೋದನ್ನೇ ಬಿಟ್ಟರು ಅಂತ ಆಮೇಲೆ ಕೇಳಿದೆ. ಅದು ಇನ್ನೂ ನನ್ನನ್ನು ಕಾಡುತ್ತದೆ. ಇವಳಿಗೆ ಹಾಗಾಗಬಾರದು. ಹಾಗಂತ ಸುಳ್ಳು ಹೇಳೋದಕ್ಕೂ ಮನಸ್ಸಿಲ್ಲ.

ನೇರಮಾತು

ಅವಳೇ "ಮುಲಾಜು ನೋಡಬೇಡ" ಅಂದಿದ್ದಾಳಲ್ಲ. ಮತ್ಯಾಕೆ ಇಷ್ಟು ಯೋಚನೆ? ಮೊದಲ ಮೂರು ಪುಟ ಬೇಡ, ಕೊನೆಯ ಸಾಲು ಸವಕಲು, ನಾಲ್ಕನೇ ಪುಟ ಚೆನ್ನಾಗಿದೆ ಅಂತ ಹೇಳಿಬಿಡಿ. ಎರಡು ನಿಮಿಷದ ಮಾತು. ಗೆಳೆಯರು ಹೇಳದೇ ಇದ್ದರೆ ಇನ್ಯಾರು ಹೇಳುತ್ತಾರೆ? ಹೊರಗಿನವರು ಓದಿ ಸುಮ್ಮನೆ ಮುಚ್ಚಿಡುತ್ತಾರೆ. ಅದು ಇನ್ನೂ ಕ್ರೂರ.

ನನ್ನ ಬರಹಕ್ಕೆ "ಚೆನ್ನಾಗಿದೆ" ಅಂದವರಿಂದ ಇವತ್ತಿನವರೆಗೆ ನನಗೆ ಒಂದು ಪೈಸೆ ಉಪಯೋಗ ಆಗಿಲ್ಲ.

ಹೂಬಳ್ಳಿ

ಇದಕ್ಕೆ ಸುಲಭದ ದಾರಿ ಇದೆ. ಮೊದಲು ಒಂದು ಒಳ್ಳೆ ಮಾತು, ನಡುವೆ ತಪ್ಪು, ಕೊನೆಗೆ ಮತ್ತೆ ಒಂದು ಒಳ್ಳೆ ಮಾತು. ನಮ್ಮ ಕಚೇರಿಯಲ್ಲಿ ತರಬೇತಿ ಕೊಟ್ಟಾಗ ಇದನ್ನೇ ಹೇಳಿಕೊಟ್ಟಿದ್ದರು. ಯಾರಿಗೂ ನೋವಾಗೋದಿಲ್ಲ.

ಅರ್ಧಪುಟ

ಹೂಬಳ್ಳಿ ಅವರೇ, ನಾನು ಅದನ್ನು ಪಡೆದುಕೊಂಡ ಕಡೆಯವಳು. ಎರಡು ಸಲ ಹಾಗಾದ ಮೇಲೆ ಯಾರಾದರೂ ಹೊಗಳೋದಕ್ಕೆ ಶುರು ಮಾಡಿದ ಕೂಡಲೇ ನನ್ನ ಹೊಟ್ಟೆ ಹಿಂಡುತ್ತಿತ್ತು. "ಆದರೆ" ಯಾವಾಗ ಬರುತ್ತೆ ಅಂತ ಕಾಯುತ್ತಾ ಕೂರುತ್ತಿದ್ದೆ. ಹೊಗಳಿಕೆ ಕಿವಿಗೇ ಬೀಳುತ್ತಿರಲಿಲ್ಲ. ಅದರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಮಾತಿದ್ದರೂ ಹಾಗೇ ಹೋಗಿಬಿಟ್ಟಿತು.

ನನ್ನ ಕತೆ ಹೇಳಿಬಿಡುತ್ತೇನೆ. ನನ್ನ ಅಣ್ಣನ ಜೊತೆ ಮಾತು ಬಿಟ್ಟದ್ದರ ಬಗ್ಗೆ ಬರೆದು ಒಬ್ಬ ಗೆಳೆಯನಿಗೆ ಕಂಪ್ಯೂಟರ್‌ನಲ್ಲೇ ಕಳಿಸಿದ್ದೆ. ಅವನು ಪಕ್ಕದಲ್ಲಿ 47 ಟಿಪ್ಪಣಿ ಹಾಕಿದ. ಅವನಿಗೆ ನನ್ನ ಮೇಲೆ ಪ್ರೀತಿ ಇತ್ತು, ಮೂರು ರಾತ್ರಿ ಕೂತಿದ್ದ. ಮೊದಲ ಟಿಪ್ಪಣಿ ಅಲ್ಪವಿರಾಮದ ಬಗ್ಗೆ. ಎರಡನೆಯದು ಒಂದು ಕಾಗುಣಿತ. ಹನ್ನೊಂದನೆಯದು "ಇಲ್ಲಿ ನಿನ್ನದೇ ತಪ್ಪು ಅನಿಸುತ್ತೆ, ಅಣ್ಣನಿಗೆ ಫೋನ್ ಮಾಡಬಹುದಿತ್ತಲ್ಲ" ಅಂತ. ಅಲ್ಲಿಗೆ ಫೈಲ್ ಮುಚ್ಚಿದೆ. ಆರು ವರ್ಷ ಆಯಿತು, ಉಳಿದ 36 ಟಿಪ್ಪಣಿ ಏನಿದ್ದವು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹಳೆಕರಡು

ಅರ್ಧಪುಟ ಅವರ ಹನ್ನೊಂದನೇ ಟಿಪ್ಪಣಿಯನ್ನು ಎಲ್ಲರೂ ಇನ್ನೊಂದು ಸಲ ಓದಿ. ಅನುಭವ ಬರಹಕ್ಕೆ ಪ್ರತಿಕ್ರಿಯೆ ಕೊಡುವಾಗ ಎಡವುವ ಜಾಗ ಅದೇ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಬೇರೆಯವರ ಕರಡು ಓದುತ್ತಾ ಬಂದಿದ್ದೇನೆ. ಕತೆಯಲ್ಲಿ "ಈ ಪಾತ್ರ ಯಾಕೆ ಹೀಗೆ ಮಾಡಿತು" ಅಂತ ಕೇಳಿದರೆ ಬರೆದವರು ಪಾತ್ರದ ಬಗ್ಗೆ ಯೋಚಿಸುತ್ತಾರೆ. ಅನುಭವ ಬರಹದಲ್ಲಿ "ನೀನು ಯಾಕೆ ಹೀಗೆ ಮಾಡಿದೆ" ಅಂದರೆ ಅದು ಬದುಕಿನ ಮೇಲಿನ ತೀರ್ಪಾಗುತ್ತದೆ. ಹಾಗಾಗಿ ನಾನು ಮಾತಾಡುವಾಗ "ನೀನು" ಅನ್ನೋದೇ ಇಲ್ಲ. "ಬರಹದಲ್ಲಿರುವ ಮಗಳು" ಅನ್ನುತ್ತೇನೆ. ಮೊದಲು ವಿಚಿತ್ರ ಅನಿಸುತ್ತದೆ. ಐದು ನಿಮಿಷದಲ್ಲಿ ಇಬ್ಬರಿಗೂ ಉಸಿರಾಡಲು ಜಾಗ ಸಿಗುತ್ತದೆ. ಬರೆದವರೂ ನಿಮ್ಮ ಪಕ್ಕಕ್ಕೆ ಬಂದು ಕೂತು ಆ ಮಗಳನ್ನು ನೋಡೋದಕ್ಕೆ ಶುರು ಮಾಡುತ್ತಾರೆ.

ಕಿಟಕಿಪಕ್ಕ ಅವರೇ, ನೀವು ಅರ್ಧ ಕೆಲಸ ಈಗಾಗಲೇ ಮಾಡಿದ್ದೀರಿ, ನಿಮಗೇ ಗೊತ್ತಿಲ್ಲ. ನಾನು ಯಾವ ಕರಡನ್ನೂ ಮೊದಲ ಸಲ ಪೆನ್ನಿಲ್ಲದೆ ಓದುತ್ತೇನೆ. ಒಂದು ದಿನ ಬಿಟ್ಟು, ಪುಟ ತೆರೆಯದೆ, ನೆನಪಿನಿಂದ ಏನು ಉಳಿದಿದೆ ಅಂತ ಬರೆದುಕೊಳ್ಳುತ್ತೇನೆ. ಉಳಿದದ್ದೇ ಆ ಬರಹದ ಜೀವ. ನಿಮಗೆ ನಾಲ್ಕು ದಿನ ಆದಮೇಲೂ ಒಂದೇ ಸಾಲು ಉಳಿದಿದೆ. ಅವಳಿಗೆ ಮೊದಲು ಹೇಳಬೇಕಾದ ಮಾತು ಅದು. ಸಮಾಧಾನ ಮಾಡೋದಕ್ಕಲ್ಲ. ಬರಹದ ಯಾವ ಭಾಗ ಓದುಗರನ್ನು ತಲುಪಿದೆ ಅನ್ನೋದು ಬರೆದವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಅದನ್ನು ಇನ್ನೊಬ್ಬರೇ ಹೇಳಬೇಕು.

ಎರಡನೇ ಓದಿಗೆ ಪೆನ್ಸಿಲ್ ಹಿಡಿಯಿರಿ. ಗಮನ ನೆಟ್ಟ ಕಡೆ ಅಂಚಿನಲ್ಲಿ ಒಂದು ಗೆರೆ. ಗಮನ ಬೇರೆಡೆ ಹೋದ ಕಡೆ ಒಂದು ಚುಕ್ಕೆ. ಕಾರಣ ಬರೆಯಬೇಡಿ, ತಿದ್ದಬೇಡಿ. ಆ ಗೆರೆ, ಚುಕ್ಕೆ ನಿಮ್ಮ ಓದಿನ ದಾಖಲೆ ಅಷ್ಟೇ. "ಇದು ಕೆಟ್ಟದು" ಅಂದರೆ ಅವಳು ವಾದ ಮಾಡಬಹುದು ಅಥವಾ ಕುಗ್ಗಬಹುದು. "ಇಲ್ಲಿ ನನ್ನ ಗಮನ ಹೋಯಿತು" ಅಂದರೆ ವಾದಕ್ಕೆ ಏನೂ ಇಲ್ಲ, ಕುಗ್ಗೋದಕ್ಕೂ ಅಷ್ಟು ಇಲ್ಲ. ಅಮೆರಿಕದ ಬರವಣಿಗೆ ಶಿಕ್ಷಕ ಪೀಟರ್ ಎಲ್ಬೊ 1970ರ ದಶಕದಲ್ಲೇ ಇದನ್ನು ಹೇಳಿದ್ದರು. ತೀರ್ಪು ಕೊಡಬೇಡಿ, ಓದುವಾಗ ನಿಮ್ಮೊಳಗೆ ಏನೇನು ನಡೆಯಿತೋ ಅದನ್ನು ಹಾಗೇ ತೋರಿಸಿ ಅನ್ನೋದು ಅವರ ವಾದದ ಸಾರ.

ಇನ್ನೊಂದು ಮಾತು. ಕೂತ ಕೂಡಲೇ ಕೇಳಿ: ಇದು ಎಷ್ಟನೇ ಕರಡು? ನನ್ನಿಂದ ನಿನಗೆ ಏನು ಬೇಕು? ಮೊದಲ ಕರಡಿಗೂ, ನಾಳೆ ಪತ್ರಿಕೆಗೆ ಹೋಗುವ ಕರಡಿಗೂ ಹೇಳುವ ಮಾತು ಬೇರೆ. "ಮುಲಾಜು ನೋಡಬೇಡ" ಅನ್ನೋದನ್ನು ಉತ್ತರ ಅಂತ ತಗೋಬೇಡಿ. ಹೆದರಿಕೆ ಇದ್ದವರೂ ಹಾಗೇ ಅನ್ನುತ್ತಾರೆ.

ದಾರಿಹೋಕ

ಕಾಲೇಜು ಪ್ರವೇಶಕ್ಕೆ ಬರೆದದ್ದಾದರೆ 1900 ಪದ ತುಂಬಾ ಜಾಸ್ತಿ ಆಯಿತು. ಪದಮಿತಿ ಮೊದಲು ನೋಡಿಕೊಳ್ಳಿ. ತಾನು ಏನು ಕಲಿತೆ ಅನ್ನೋದು ಕೊನೆಯಲ್ಲಿ ಸ್ಪಷ್ಟವಾಗಿ ಬರಲೇಬೇಕು.

ಕಿಟಕಿಪಕ್ಕ

ದಾರಿಹೋಕ ಅವರೇ, ಪ್ರವೇಶಕ್ಕೆ ಅಲ್ಲ, ಅವಳು ತನಗಾಗಿ ಬರೆದದ್ದು. ಮುಂದೆ ಎಲ್ಲಿಗಾದರೂ ಕಳಿಸುತ್ತಾಳೋ ಗೊತ್ತಿಲ್ಲ. ಹಳೆಕರಡು ಅವರು ಹೇಳಿದ ಹಾಗೆ ಅದನ್ನು ನಾನು ಕೇಳಿಯೇ ಇಲ್ಲ.

ಮೆಲುದನಿ

ನಾನು ಕಿವಿ ಮಷೀನ್ ಹೊಂದಿಸುವ ಕೆಲಸ ಮಾಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಗೆಳತಿಗೆ ದಯವಿಟ್ಟು ಹೇಳಿ, ಅಮ್ಮ ಆಫ್ ಮಾಡುತ್ತಾರೆ ಅಂದರೆ ಸಿಟ್ಟಿನಿಂದಲೇ ಅಂತಲ್ಲ. ತುಂಬಾ ಜನ ಆಫ್ ಮಾಡುತ್ತಾರೆ. ಮಷೀನ್ ಮಾತನ್ನಷ್ಟೇ ದೊಡ್ಡದು ಮಾಡೋದಿಲ್ಲ. ಪಾತ್ರೆ ಸದ್ದು, ಫ್ಯಾನ್ ಸದ್ದು, ಕುರ್ಚಿ ಎಳೆಯುವ ಸದ್ದು ಎಲ್ಲವೂ ಬರುತ್ತದೆ. ಇಡೀ ದಿನ ಅದರಲ್ಲಿ ಮಾತನ್ನು ಹುಡುಕೋದು ದೊಡ್ಡ ಸುಸ್ತು. ಮನೆಯವರು ಕೂಗಿ ಮಾತಾಡಿದರಂತೂ ಮಾತು ಒಡೆದು ಬರುತ್ತದೆ, ಸ್ಪಷ್ಟ ಆಗೋದಿಲ್ಲ. ಎದುರು ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಮಾತಾಡಬೇಕು. ಮಷೀನನ್ನು ಒಂದು ಸಲ ಮರುಹೊಂದಿಸಿದರೂ ಎಷ್ಟೋ ಸರಿಹೋಗುತ್ತದೆ.

ಬ್ಯಾಟರಿ ಹಾಕುವ ಮಾದರಿಯಾದರೆ ಅದರ ಪುಟ್ಟ ಬಾಗಿಲನ್ನು ಉಗುರಿನಿಂದ ಸ್ವಲ್ಪ ತೆರೆದರೆ ಸಾಕು, ಆಫ್. ಕೂದಲು ಸರಿ ಮಾಡಿಕೊಂಡ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗೋದಿಲ್ಲ.

ನೇರಮಾತು

ಇಲ್ಲಿ ಕೇಳಿದ್ದು ಬರವಣಿಗೆ ಬಗ್ಗೆ ಮೆಲುದನಿ ಅವರೇ, ಕಿವಿ ಬಗ್ಗೆ ಅಲ್ಲ.

ಹಳೆಕರಡು

ನೇರಮಾತು ಅವರೇ, ಸ್ವಲ್ಪ ತಡೆಯಿರಿ. ಮೆಲುದನಿ ಅವರು ಪ್ರಶ್ನೆ ಬಿಟ್ಟು ಬೇರೆ ಉತ್ತರ ಕೊಟ್ಟಿರಬಹುದು. ಆದರೆ ಆ ಒಂದು ಸಾಲಿನಲ್ಲಿ ಏನಿಲ್ಲ ಅನ್ನೋದು ಅವರ ಮಾತಿನಿಂದ ನನಗೆ ಕಾಣಿಸಿತು.

ಗೆಳತಿಯ ಸಾಲು ಮತ್ತೆ ಓದಿ. "ಅಮ್ಮ ಮಷೀನ್ ಆಫ್ ಮಾಡುತ್ತಿದ್ದಳು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ." ಹೇಗೆ ಗೊತ್ತಾಯಿತು? ಯಾರಾದರೂ ಹೇಳಿದರಾ, ಅವಳೇ ನೋಡಿದಳಾ? ಕೈ ಕಿವಿಯ ಹತ್ತಿರ ಹೋದದ್ದನ್ನು ಎಷ್ಟು ಸಲ ನೋಡಿದ್ದಳು, ಕೂದಲು ಸರಿ ಮಾಡಿಕೊಳ್ಳುತ್ತಿದ್ದಾಳೆ ಅಂತ ಎಷ್ಟು ಸಲ ಅಂದುಕೊಂಡಿದ್ದಳು? ಆಗ ಅವಳಿಗೆ ಸಿಟ್ಟು ಬಂತಾ, ನಾಚಿಕೆ ಆಯಿತಾ? ಈಗ ಏನನಿಸುತ್ತದೆ? ಇದೊಂದೂ ಪುಟದ ಮೇಲೆ ಇಲ್ಲ. ಅದು ಇಲ್ಲದೇ ಇರುವುದರಿಂದಲೇ ಕೊನೆಗೆ "ನಾವೇ ನಿಜವಾದ ಕಿವುಡರು" ಅನ್ನುವ ದೊಡ್ಡ ಮಾತು ಬೇಕಾಗಿದೆ. ದೃಶ್ಯ ಬರೆಯದೆ ಬಿಟ್ಟ ಭಾರವನ್ನು ನೀತಿವಾಕ್ಯ ಹೊರುತ್ತಿದೆ.

ಹಾಗಾಗಿ ಮೊದಲ ಪುಟ, ವರ್ಷವಾರು ವಿವರ, ಕೊನೆಯ ಸಾಲು ಅಂತ ಮೂರು ತಪ್ಪಿನ ಪಟ್ಟಿ ತಗೊಂಡು ಹೋಗಬೇಡಿ. ಮೂರೂ ಒಂದೇ ಕಾರಣಕ್ಕೆ ಬಂದಿವೆ. ಆ ಸಾಲಿನ ಹತ್ತಿರ ನಿಲ್ಲೋದು ಕಷ್ಟ, ಅದಕ್ಕೆ ಬರಹ ಅದರ ಸುತ್ತ ತಿರುಗುತ್ತಿದೆ. ಅಲ್ಲಿ ನಿಂತರೆ ಉಳಿದವು ತಾವಾಗಿಯೇ ಸಣ್ಣದಾಗುತ್ತವೆ. ಒಂದೇ ವಿಷಯ ಹೇಳಿ. ಮುಂದಿನ ಕರಡು ಬರೆಯೋದಕ್ಕೆ ಅವಳಿಗೆ ಅಷ್ಟೇ ಬೇಕು.

ಹೇಳುವಾಗ ಮೆಲುದನಿ ಅವರ ವಿವರಣೆಯನ್ನು ಅವಳ ಕೈಗೆ ಕೊಡಬೇಡಿ. "ಅಮ್ಮನಿಗೆ ಸಿಟ್ಟಿರಲಿಲ್ಲ ಕಣೇ, ಸುಸ್ತು ಅಷ್ಟೇ" ಅಂದರೆ ಅವಳ ಬರಹದ ಉತ್ತರ ನೀವೇ ಬರೆದ ಹಾಗೆ. ಪ್ರಶ್ನೆ ಮಾತ್ರ ಕೇಳಿ.

ಮೆಲುದನಿ

ಹಾಗಿದ್ದರೂ ಅಮ್ಮನ ಮಷೀನ್ ಮರುಹೊಂದಿಸುವ ವಿಷಯ ಯಾವಾಗಲಾದರೂ ಹೇಳಿ. ಬರಹ ಮುಗಿದ ಮೇಲಾದರೂ ಸರಿ.

ತಾಳಮೇಳ

ಪ್ರಶ್ನೆ ಕೇಳೋದು ಅಂದಿರಲ್ಲ, ಅದರ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನಾನು ನೃತ್ಯದ ಕಡೆಯವನು. ನಮ್ಮಲ್ಲಿ ಹೊಸ ಕೃತಿ ತೋರಿಸಿದಾಗ ಲಿಜ್ ಲರ್ಮನ್ ರೂಪಿಸಿದ ಒಂದು ಕ್ರಮ ಬಳಸುತ್ತೇವೆ. ಅವರು ಅಮೆರಿಕದ ನೃತ್ಯ ಸಂಯೋಜಕಿ. 1990ರ ಸುಮಾರಿಗೆ ಅದನ್ನು ಶುರು ಮಾಡಿದರು. ಮೊದಲು ನೋಡಿದವರು ತಮಗೆ ಏನು ತಟ್ಟಿತು ಅಂತ ಹೇಳುತ್ತಾರೆ. ಆಮೇಲೆ ಕಲಾವಿದರೇ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರ ಪ್ರಶ್ನೆ, ಆದರೆ ಪ್ರಶ್ನೆಯೊಳಗೆ ಅಭಿಪ್ರಾಯ ಅಡಗಿರಬಾರದು. ಕೊನೆಗೆ ಅಭಿಪ್ರಾಯ, ಅದೂ "ಇದರ ಬಗ್ಗೆ ನನಗೊಂದು ಅನಿಸಿಕೆ ಇದೆ, ಹೇಳಲಾ?" ಅಂತ ಕೇಳಿ, ಅವರು ಹೂಂ ಅಂದರೆ ಮಾತ್ರ.

ಕಷ್ಟ ಇರೋದು ಮೂರನೆಯದರಲ್ಲಿ. "ಪೀಠಿಕೆ ಯಾಕೆ ಇಷ್ಟು ಉದ್ದ?" ಅನ್ನೋದು ಪ್ರಶ್ನೆಯ ವೇಷ ಹಾಕಿದ ದೂರು. "ಮೊದಲ ಎರಡು ಪುಟ ಓದಿದ ಮೇಲೆ ಓದುಗರ ಮನಸ್ಸಿನಲ್ಲಿ ಏನಿರಬೇಕು ಅಂತ ನಿನಗಿತ್ತು?" ಅನ್ನೋದು ನಿಜವಾದ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಹುಡುಕುತ್ತಾ ಬರೆದವರೇ ಎಷ್ಟೋ ಸಲ "ಓ, ಅದು ಅಲ್ಲಿ ಬಂದೇ ಇಲ್ಲ" ಅಂದುಬಿಡುತ್ತಾರೆ. ನನ್ನ ಕಿವಿಯಾರೆ ಕೇಳಿದ್ದೇನೆ.

ನೇರಮಾತು

ಇಬ್ಬರು ಗೆಳತಿಯರು ಕೂತು ಮಾತಾಡೋದಕ್ಕೆ ನಾಲ್ಕು ಹಂತ ಬೇಕಾ? ಅದು ಸಭೆ ನಡೆಸಿದ ಹಾಗಾಗುತ್ತದೆ. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರೆ ನನಗಂತೂ ಪರೀಕ್ಷೆ ಬರೆದ ಹಾಗೆ ಅನಿಸುತ್ತದೆ. ನಿಮಗೆ ಏನನಿಸಿತು ಅಂತ ನಿಮ್ಮ ಬಾಯಿಂದಲೇ ಹೇಳದೆ ನನ್ನಿಂದ ಹೇಳಿಸೋದು ಯಾಕೆ?

ಆದರೆ ಹಳೆಕರಡು ಅವರು ಹೇಳಿದ "ಇಲ್ಲಿ ನನ್ನ ಗಮನ ಹೋಯಿತು" ಅನ್ನೋದು ಒಪ್ಪಿದೆ. ಅದು ನೇರವೂ ಹೌದು.

ತಾಳಮೇಳ

ನಾಲ್ಕು ಹಂತವನ್ನು ಗಡಿಯಾರ ಇಟ್ಟುಕೊಂಡು ಮಾಡಬೇಕಿಲ್ಲ. ಆದರೆ ಪ್ರಶ್ನೆ ಎರಡಕ್ಕಿಂತ ಜಾಸ್ತಿ ಆದರೆ ಪರೀಕ್ಷೆ ಆಗುತ್ತದೆ ಅನ್ನೋದು ನಿಜ. ಅದನ್ನು ನಾನು ಯೋಚಿಸಿರಲಿಲ್ಲ.

ಹೂಬಳ್ಳಿ

ಮತ್ತೆ ಕಾಗುಣಿತ ತಪ್ಪು? ಅದನ್ನೂ ಹೇಳಬಾರದಾ? ನನಗೆ ತಪ್ಪು ಕಂಡರೆ ಕೈ ಸುಮ್ಮನಿರೋದಿಲ್ಲ.

ಅರ್ಧಪುಟ

ಈಗ ಬೇಡ. ನಾಳೆ ಹೋಗಿಬಿಡುವ ಪ್ಯಾರಾದ ಕಾಗುಣಿತ ತಿದ್ದಿ ಏನು ಬಂತು? ಇನ್ನೊಂದು ಅಪಾಯ ಇದೆ. ಎಷ್ಟು ಜಾಗರೂಕತೆಯಿಂದ ತಿದ್ದುತ್ತೀರೋ ಅಷ್ಟು ಆ ಪ್ಯಾರಾ ಉಳಿಯುತ್ತದೆ ಅಂತ ಬರೆದವರು ನಂಬುತ್ತಾರೆ. ನಾನು ನಂಬಿದ್ದೆ.

ಇನ್ನೊಂದು ವಿಷಯ ಕೇಳಬೇಕು ಅಂತಿದ್ದೆ. ಕಿಟಕಿಪಕ್ಕ ಅವರೇ, ಅವಳ ಆ ಸಾಲನ್ನು ನೀವು ಇಲ್ಲಿ ಹಾಗೇ ಹಾಕಿದ್ದೀರಾ? ಅವಳನ್ನು ಕೇಳಿದ್ದೀರಾ? ನನ್ನ ಕರಡಿನ ಸಾಲನ್ನು ಯಾರಾದರೂ ಹೀಗೆ ಹತ್ತು ಜನರ ಮುಂದೆ ಇಟ್ಟಿದ್ದರೆ ನನಗೆ ಬೇಜಾರಾಗುತ್ತಿತ್ತು. ಬೈಯುತ್ತಿಲ್ಲ, ಕೇಳುತ್ತಿದ್ದೇನೆ.

ಕಿಟಕಿಪಕ್ಕ

ಕೇಳಿಲ್ಲ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ, ಸಾಲನ್ನು ಬದಲಿಸಲಿಲ್ಲ. ಅದು ತಪ್ಪು. ನೀವು ಹೇಳುವವರೆಗೆ ನನಗೆ ಹೊಳೆಯಲೂ ಇಲ್ಲ. ನಾಡಿದ್ದು ಅವಳನ್ನು ಭೇಟಿಯಾಗುತ್ತಿದ್ದೇನೆ, ಮೊದಲು ಇದನ್ನೇ ಹೇಳುತ್ತೇನೆ. ಬೇಡ ಅಂದರೆ ತೆಗೆಯುತ್ತೇನೆ.

ಹಳೆಕರಡು ಅವರೇ, ಒಂದು ಕೇಳಲಾ? ಮೊದಲ ಒಂದೂವರೆ ಪುಟದ ಬಗ್ಗೆ ಏನೂ ಹೇಳದೆ ಬಿಟ್ಟರೆ ಅದು ಚೆನ್ನಾಗಿದೆ ಅಂತ ಅಂದುಕೊಳ್ಳೋದಿಲ್ವಾ? ಹೇಳೋದಾದರೆ "ತೆಗೆದುಬಿಡು" ಅನ್ನೋದಕ್ಕೆ ಬೇರೆ ದಾರಿ ಇದೆಯಾ?

ಹಳೆಕರಡು

ಇದೆ. ಮೊದಲು ಆ ಪುಟಗಳು ಅಲ್ಲಿ ಯಾಕಿವೆ ಅಂತ ನಿಮಗೆ ಅರ್ಥವಾಗಬೇಕು. ಹಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತೇವಲ್ಲ, ಹಾಗೆ. ಹಾಡುವವರಿಗೆ ಅದು ಬೇಕು, ಕೇಳುವವರಿಗೆ ಬೇಡ. ತನ್ನ ಬಗ್ಗೆ ಮೊದಲ ಸಲ ಬರೆಯುವವರಿಗೆ "ನನ್ನ ಮನೆಯ ಸಣ್ಣ ವಿಷಯ ಬೇರೆಯವರು ಯಾಕೆ ಓದುತ್ತಾರೆ" ಅನ್ನುವ ಅಳುಕು ಇರುತ್ತದೆ. ಅದಕ್ಕೆ ತಾಯಿ, ಮೌನ, ಬದುಕು ಅಂತ ದೊಡ್ಡ ಬಾಗಿಲು ಕಟ್ಟಿ ಒಳಗೆ ಬರುತ್ತಾರೆ. ಆ ಪುಟ ಬರೆಯದೆ ಅವಳಿಗೆ ನಾಲ್ಕನೇ ಪುಟ ಸಿಗುತ್ತಿರಲಿಲ್ಲ. ಹಾಗಾಗಿ ಅದು ವ್ಯರ್ಥ ಅಲ್ಲ. ನೀವು ಇದನ್ನು ನಂಬಿದರೆ ನಿಮ್ಮ ದನಿಯಲ್ಲೇ ಅದು ಗೊತ್ತಾಗುತ್ತದೆ.

ನಾನು ಮಾಡೋದು ಹೀಗೆ. ಆ ಸಾಲು ಇರುವ ಪ್ಯಾರಾದಿಂದ ಶುರು ಮಾಡಿ ಗಟ್ಟಿಯಾಗಿ ಓದು ಅಂತ ಬರೆದವರಿಗೇ ಹೇಳುತ್ತೇನೆ. ಹಿಂದಿನದು ಏನೂ ಹೇಳೋದಿಲ್ಲ. ಅವರೇ ಓದಬೇಕು, ನಾವಲ್ಲ. ಓದಿ ಮುಗಿಸಿದ ಮೇಲೆ "ಓದುಗರಿಗೆ ಇಲ್ಲಿ ಏನು ಗೊತ್ತಿಲ್ಲದೆ ಕಷ್ಟವಾಗುತ್ತದೆ?" ಅಂತ ಕೇಳುತ್ತೇನೆ. ಇವಳ ಬರಹದಲ್ಲಿ ಬಹುಶಃ ಎರಡೇ ವಿಷಯ ಬೇಕಾಗುತ್ತದೆ. ಅಮ್ಮನಿಗೆ ಯಾವಾಗಿನಿಂದ ಕಿವಿ ಮಂದ, ಮಗಳು ಹೇಗೆ ಮಾತಾಡುತ್ತಿದ್ದಳು. ಮೂರೂವರೆ ಪುಟದಿಂದ ಅವಳೇ ಎರಡು ಪ್ಯಾರಾ ಆರಿಸಿಕೊಳ್ಳುತ್ತಾಳೆ. ಹಳೆಯ ಕರಡನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡೇ ಇದನ್ನು ಮಾಡಿಸಿ. ಯಾವುದೂ ಕಳೆದುಹೋಗಿಲ್ಲ ಅಂತ ಗೊತ್ತಿದ್ದರೆ ಕೈ ಧೈರ್ಯವಾಗಿ ಓಡುತ್ತದೆ.

ಒಂದು ಎಚ್ಚರಿಕೆ. "ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ" ಅಂತ ಒಂದು ವಾಕ್ಯವನ್ನೂ ಕೊಡಬೇಡಿ. ನಿಮ್ಮ ವಾಕ್ಯ ಚೆನ್ನಾಗಿದ್ದರೆ ಇನ್ನೂ ಕೆಟ್ಟದು. ಅವಳು ಅದನ್ನು ಹಾಕಿಕೊಳ್ಳುತ್ತಾಳೆ, ಆಮೇಲೆ ಆ ಬರಹ ತನ್ನದು ಅನಿಸೋದಿಲ್ಲ.

ತಾಳಮೇಳ

ಮೊಬೈಲ್‌ನಲ್ಲಿ ಬರೆದು ಕಳಿಸಬೇಡಿ ಅಂತಲೂ ಸೇರಿಸಿ. ಎದುರು ಕೂತರೆ ಅವಳ ಮುಖ ನೋಡಿ ನಿಲ್ಲಿಸಬಹುದು. ಸಂದೇಶದಲ್ಲಿ ನಿಲ್ಲಿಸೋದಕ್ಕೆ ಆಗೋದಿಲ್ಲ.

ಅರ್ಧಪುಟ

ನನಗೆ ಅದು ಉಲ್ಟಾ. ಎದುರು ಕೂತರೆ ನಾನು ನಗುನಗುತ್ತಾ ತಲೆ ಆಡಿಸುತ್ತೇನೆ, ಏನೂ ಕೇಳಿಸಿಕೊಳ್ಳೋದಿಲ್ಲ. ಬರೆದು ಕೊಟ್ಟರೆ ಮನೆಗೆ ಹೋಗಿ ಒಬ್ಬಳೇ ಓದುತ್ತೇನೆ. ಅವಳಿಗೆ ಯಾವುದು ಬೇಕು ಅಂತ ಅವಳನ್ನೇ ಕೇಳಿ.

ಕಿಟಕಿಪಕ್ಕ

ನಿನ್ನೆ ಭೇಟಿಯಾದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲು ಇಲ್ಲಿ ಬರೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನ್ನನ್ನು ಕೇಳಬೇಕಿತ್ತು" ಅಂದಳು. ಕ್ಷಮೆ ಕೇಳಿದೆ. ಎಲ್ಲ ಉತ್ತರಗಳನ್ನೂ ಓದಿದ ಮೇಲೆ ಹಾಗೇ ಇರಲಿ ಅಂದಳು. ಮೆಲುದನಿ ಅವರ ಮಾತನ್ನು ಅವಳು ಓದಿಬಿಟ್ಟಿದ್ದಾಳೆ ಅಂತಾಯಿತು, ಹಳೆಕರಡು ಅವರೇ. ಅದು ನನ್ನ ಕೈ ಮೀರಿತ್ತು.

ಆಮೇಲೆ ಇದು ಎಷ್ಟನೇ ಕರಡು ಅಂತ ಕೇಳಿದೆ. ಮೊದಲನೆಯದು. ಎಲ್ಲಿಗೂ ಕಳಿಸೋ ಯೋಚನೆ ಇಲ್ಲ. "ಇದರಲ್ಲಿ ಏನಾದರೂ ಇದೆಯಾ ಇಲ್ವಾ, ಅಷ್ಟು ಹೇಳು" ಅಂದಳು. ನಾನು ನೂರು ವಿಷಯ ಯೋಚಿಸಿಕೊಂಡು ಹೋಗಿದ್ದೆ, ಅವಳಿಗೆ ಬೇಕಾಗಿದ್ದು ಅಷ್ಟು.

ಆ ಸಾಲು ಓದಿದ ದಿನದಿಂದ ನನ್ನ ತಲೆಯಲ್ಲಿದೆ ಅಂದೆ. ಅವಳಿಗೆ ನಿಜಕ್ಕೂ ಆಶ್ಚರ್ಯ ಆಯಿತು. ಯಾವ ಸಾಲು ಅಂತ ಪುಟ ತಿರುಗಿಸಿ ಹುಡುಕಿದಳು. ಅದನ್ನು ತೆಗೆದುಬಿಡಬೇಕು ಅಂತಿದ್ದಳಂತೆ, ಅಮ್ಮನಿಗೆ ಅವಮಾನ ಆಗುತ್ತೆ ಅಂತ.

"ಬರಹದಲ್ಲಿರುವ ಮಗಳಿಗೆ ಇದು ಹೇಗೆ ಗೊತ್ತಾಯಿತು?" ಅಂತ ಕೇಳಿದೆ. ಹೇಳೋದಕ್ಕೆ ಶುರು ಮಾಡಿದವಳು ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ. ಮಷೀನ್ ಒರೆಸಿ ಇಡೋದು ಅವಳ ಕೆಲಸ. ಒಂದು ರಾತ್ರಿ ಅಮ್ಮನ ಕಿವಿಯಿಂದ ತೆಗೆದಾಗ ಬ್ಯಾಟರಿಯ ಬಾಗಿಲು ಅರ್ಧ ತೆರೆದಿತ್ತು. ಆಗ ತಾನೇ ಅವಳು ಅಮ್ಮನ ಜೊತೆ ಒಂದು ಗಂಟೆ ಮಾತಾಡಿದ್ದಳು, ಅಮ್ಮ ತಲೆ ಆಡಿಸುತ್ತಾ ಕೇಳಿಸಿಕೊಂಡಿದ್ದಳು. ಆ ಬಾಗಿಲನ್ನು ಬೆರಳಿನಿಂದ ಒತ್ತಿ ಮುಚ್ಚಿ, ಏನೂ ಗೊತ್ತಾಗದವಳ ಹಾಗೆ ಡಬ್ಬಿಯಲ್ಲಿಟ್ಟಳಂತೆ. ಇದೊಂದೂ ಐದು ಪುಟದಲ್ಲಿ ಇಲ್ಲ.

ತಪ್ಪು ಆಮೇಲೆ ಮಾಡಿದೆ. ಅಷ್ಟು ಚೆನ್ನಾಗಿ ಹೋಗುತ್ತಿತ್ತು, ಆ ಉತ್ಸಾಹದಲ್ಲಿ "ಹಾಗಾದರೆ ಮೊದಲ ಎರಡು ಪುಟ ಬೇಕಾಗೋದೇ ಇಲ್ಲ ಅಲ್ವಾ" ಅಂದುಬಿಟ್ಟೆ. ಅವಳ ಮುಖ ಮುಚ್ಚಿಕೊಂಡಿತು. ಅದನ್ನು ಬರೆಯೋದಕ್ಕೇ ಅವಳಿಗೆ ಜಾಸ್ತಿ ದಿನ ಹಿಡಿದಿತ್ತಂತೆ. ಗಂಟಲು ಸರಿಮಾಡಿಕೊಳ್ಳುವ ಮಾತು ಹೇಳಿದೆ, ಆದರೆ ಆಗ ಅದು ತೇಪೆ ಹಾಕಿದ ಹಾಗಾಯಿತು. ಗಟ್ಟಿಯಾಗಿ ಓದಿಸೋದಕ್ಕೆ ಆಗಲೇ ಇಲ್ಲ. ಮನೆಗೆ ಬಂದ ಮೇಲೆ "ಏನೂ ತೆಗೆಯಬೇಡ. ಆ ರಾತ್ರಿಯದ್ದನ್ನು ಒಂದು ಬೇರೆ ಹಾಳೆಯಲ್ಲಿ ಬರೆ, ಸಾಕು" ಅಂತ ಸಂದೇಶ ಕಳಿಸಿದೆ.

ಹಳೆಕರಡು

ಬೇರೆ ಹಾಳೆಯಲ್ಲಿ ಬರೆ ಅಂದಿರಲ್ಲ, ನಾನು ಹೇಳಿದ್ದಕ್ಕಿಂತ ಅದು ಒಳ್ಳೆಯದು. ಗಟ್ಟಿಯಾಗಿ ಓದಿಸೋದನ್ನು ಇನ್ನು ಮರೆತುಬಿಡಿ.

ಮೊದಲ ಪುಟಗಳ ವಿಷಯ ನೀವಾಗಿ ಮತ್ತೆ ಎತ್ತಬೇಡಿ. ಕೇಳಿದರೆ ನಿಮ್ಮ ಗಮನ ಎಲ್ಲಿ ಹೋಯಿತು ಅಂತ ಹೇಳಿ, ಅಷ್ಟೇ. ಕೊನೆಯ ಸಾಲು ಈ ಸಲಕ್ಕೆ ಇರಲಿ.

ನೇರಮಾತು

ಕೊನೆಯ ಸಾಲಿನ ಬಗ್ಗೆ ಯಾರೂ ಹೇಳೋದೇ ಇಲ್ವಾ ಹಾಗಾದರೆ? ಆ ಸಾಲಿನಿಂದ ಇಡೀ ಬರಹ ಕೆಡುತ್ತದೆ ಅಂತ ನನಗೆ ಈಗಲೂ ಅನಿಸುತ್ತದೆ. ಎರಡನೇ ಕರಡಿನಲ್ಲೂ ಅದು ಇದ್ದರೆ ದಯವಿಟ್ಟು ಹೇಳಿ.

ಹೂಬಳ್ಳಿ

ನನಗೆ ಆ ಸಾಲು ಇಷ್ಟ ಆಯಿತು. ನಿಜ ಹೇಳುತ್ತಿದ್ದೇನೆ.

ತಾಳಮೇಳ

ಒಂದು ವಿಷಯ ಇನ್ನೂ ಉಳಿದಿದೆ ಅನಿಸುತ್ತದೆ. ಅಮ್ಮನಿಗೆ ಅವಮಾನ ಆಗುತ್ತೆ ಅಂತ ತೆಗೆಯಬೇಕು ಅಂತಿದ್ದಳು ಅಂದಿರಿ. ಅಮ್ಮ ಓದಬಹುದಾದ ಬರಹ ಇದು. ಆ ಸಾಲನ್ನು ದೊಡ್ಡದು ಮಾಡು ಅಂತ ಹೊರಗೆ ಕೂತು ಹೇಳೋದು ನಮಗೆ ಸುಲಭ. ಬೆಲೆ ತೆರುವವಳು ಅವಳು.

ಹಳೆಕರಡು

ಹೌದು. ನಾನು ಸಾಮಾನ್ಯವಾಗಿ "ಮೊದಲು ನಿನಗಾಗಿ ಪೂರ್ತಿ ಬರೆ, ಯಾರಿಗೆ ತೋರಿಸೋದು ಅಂತ ಆಮೇಲೆ ಯೋಚಿಸು" ಅನ್ನುತ್ತೇನೆ. ಆದರೆ ಬರೆದ ಮೇಲೆ ತೋರಿಸದೇ ಇರೋದು ಎಷ್ಟು ಕಷ್ಟ ಅಂತಲೂ ನೋಡಿದ್ದೇನೆ. ಇದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ.

ಕಿಟಕಿಪಕ್ಕ

ಎರಡು ವಾರ ಆಯಿತು. ಇವತ್ತು ಬೆಳಗ್ಗೆ ಒಂದು ಪುಟ ಕಳಿಸಿದ್ದಾಳೆ. ಆ ರಾತ್ರಿಯದ್ದು ಮಾತ್ರ. ಡಬ್ಬಿ, ಒರೆಸುವ ಬಟ್ಟೆ, ಅರ್ಧ ತೆರೆದ ಬಾಗಿಲು. ಸಿಟ್ಟೋ ಸುಸ್ತೋ ಅಂತ ಎಲ್ಲೂ ಹೇಳಿಲ್ಲ. ಅಮ್ಮನಿಗೆ ಇನ್ನೂ ತೋರಿಸಿಲ್ಲ, ತೋರಿಸುತ್ತಾಳೋ ಇಲ್ಲವೋ ಹೇಳಲಿಲ್ಲ. ಹಳೆಯ ಮೊದಲ ಪುಟಗಳ ಬಗ್ಗೆ ಒಂದು ಮಾತೂ ಇಲ್ಲ, ನಾನೂ ಕೇಳಲಿಲ್ಲ.

ಕೆಳಗೆ ಒಂದು ಸಾಲು ಬರೆದಿದ್ದಾಳೆ: "ಈ ಸಲ ಗೆರೆ, ಚುಕ್ಕೆ ಹಾಕಿ ಕೊಡು. ಬರೆದೇ ಕೊಡು, ಮನೆಯಲ್ಲಿ ನೋಡಿಕೊಳ್ತೀನಿ."

ಪ್ರಿಂಟ್ ತೆಗೆದಿಟ್ಟಿದ್ದೇನೆ. ಒಂದು ಸಲ ಓದಿದ್ದೇನೆ, ಪೆನ್ಸಿಲ್ ಇಲ್ಲದೆ. ನಾಳೆ ಇನ್ನೊಂದು ಸಲ ಓದುತ್ತೇನೆ.